ನಾಯಿಯ ಚಿಗಟದ ಮದ್ದು, ಮನೆಯ ಬೆಕ್ಕಿಗೆ ವಿಷ: ತಪ್ಪಿಸುವುದು ಹೇಗೆ?

ಮಳೆಗಾಲ ಹಿಡಿಯಿತೆಂದರೆ ಮಂಗಳೂರಿನ ಮನೆಗಳಲ್ಲಿ ನಾಯಿ ಮಲಗುವ ಗೋಣಿ ಒಣಗುವುದಿಲ್ಲ, ಚಿಗಟ ಬಿಡುವುದಿಲ್ಲ. ಆಗ ಅಂಗಡಿಯಿಂದ ಒಂದು ಟ್ಯೂಬು ಬರುತ್ತದೆ, ನಾಯಿಯ ಬೆನ್ನಿಗೆ ಹಾಕಿ ಆಗುತ್ತದೆ, ತಳದಲ್ಲಿ ಒಂದಿಷ್ಟು ಉಳಿಯುತ್ತದೆ. "ಬೆಕ್ಕಿಗೂ ನಾಲ್ಕು ಹನಿ ಬಿಡುವ, ಸುಮ್ನೆ ಯಾಕೆ ಹಾಳು ಮಾಡುವುದು" ಅನ್ನುತ್ತಾರಲ್ಲ, ಎಡವಟ್ಟಾಗುವುದು ಅಲ್ಲೇ.

ಮೊದಲು ಡಬ್ಬದ ಹಿಂಬದಿ ಓದಿ. ಮುಂದೆ ನಾಯಿಯ ಚಿತ್ರ ಇರುತ್ತದೆ, ಅದು ಬೇಡ. ಹಿಂದೆ ಸಣ್ಣ ಅಕ್ಷರದಲ್ಲಿ ಪರ್ಮೆಥ್ರಿನ್ ಎಂದು ಇದೆಯಾ ನೋಡಿ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಕೂಡ ಇದೇ ಕುಟುಂಬದವು. ಹಟ್ಟಿ ಇರುವ ಮನೆಗಳಲ್ಲಿ ದನದ ಉಣ್ಣಿಗೆಂದು ತಂದದ್ದನ್ನೇ ನೀರಿಗೆ ಬೆರೆಸಿ ನಾಯಿಗೆ, ಹಾಗೇ ಬೆಕ್ಕಿಗೂ ಹಚ್ಚುವವರಿದ್ದಾರೆ. ಬೇಡ ಮಾರಾಯ್ರೆ.

ಈ ಮದ್ದು ನರಗಳನ್ನು ಸುಮ್ಮನಿರಲು ಬಿಡುವುದಿಲ್ಲ, ಒಂದೇ ಸಮನೆ ಕೆರಳಿಸುತ್ತಲೇ ಇರುತ್ತದೆ. ಚಿಗಟ ಸಾಯುವುದು ಹೀಗೆ. ನಾಯಿಯ ಲಿವರ್ ಅದನ್ನು ಬೇಗ ಒಡೆದು ಹೊರಗೆ ಹಾಕುತ್ತದೆ. ಬೆಕ್ಕಿನ ಲಿವರಿನಲ್ಲಿ ಆ ಕೆಲಸದ ಒಂದು ಕಿಣ್ವ ತೀರಾ ಕಡಿಮೆ. ಪ್ಯಾರಾಸಿಟಮಾಲ್ ಬೆಕ್ಕಿಗೆ ಆಗದಿರುವುದಕ್ಕೂ ಇದೇ ಕೊರತೆ ದೊಡ್ಡ ಕಾರಣ.

ಲೆಕ್ಕ ಹಾಕಿ ನೋಡಿ. ಶೇಕಡಾ 50ರ ಮದ್ದು ಎಂದರೆ 1 ಮಿಲೀಲೀಟರಿನಲ್ಲಿ 500 ಮಿಲಿಗ್ರಾಂ ಪರ್ಮೆಥ್ರಿನ್. ಬೆಕ್ಕಿನ ತೂಕದ ಪ್ರತಿ ಕೇಜಿಗೆ 100 ಮಿಲಿಗ್ರಾಂ ಆದರೆ ಜೀವಕ್ಕೇ ಅಪಾಯ. 3 ಕೇಜಿಯ ಬೆಕ್ಕಿಗೆ 300 ಮಿಲಿಗ್ರಾಂ, ಅಂದರೆ 0.6 ಮಿಲೀಲೀಟರ್, ಹೆಚ್ಚುಕಮ್ಮಿ ಹನ್ನೆರಡು ಹನಿ. ಟ್ಯೂಬಿನ ತಳದಲ್ಲಿ ಉಳಿದದ್ದೇ ಸಾಕು! ಕೆಲವು ಬೆಕ್ಕುಗಳಿಗೆ ಅದಕ್ಕಿಂತ ಕಡಿಮೆಯೂ ತಡೆಯುವುದಿಲ್ಲ, ಹಾಗಾಗಿ "ನಾಲ್ಕೇ ಹನಿ" ಎಂಬ ಧೈರ್ಯವೂ ಬೇಡ.

ಬೆಕ್ಕಿನ ಮೈಮೇಲೆ ಬಿದ್ದೇ ಹೋಗಿದ್ದರೆ? ಜಾಸ್ತಿ ಜನ ತಪ್ಪುವುದು ಇಲ್ಲಿ. ಮೊದಲು ಡಾಕ್ಟರಿಗೆ ಫೋನ್ ಮಾಡಿ, ಡಬ್ಬ ಕೈಯಲ್ಲಿರಲಿ. ಬೆಕ್ಕು ನಡುಗುತ್ತಿದ್ದರೆ ಅಥವಾ ಫಿಟ್ಸ್ ಬರುತ್ತಿದ್ದರೆ ತೊಳೆಯುತ್ತಾ ಕೂರಬೇಡಿ, ಟವೆಲಿನಲ್ಲಿ ಸುತ್ತಿ ಹೊರಡಿ. ಇನ್ನೂ ಸರಿಯಾಗಿಯೇ ಇದ್ದರೆ ಉಗುರುಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ಲಿಕ್ವಿಡ್ ತೆಗೆದುಕೊಳ್ಳಿ. ಮದ್ದು ಎಣ್ಣೆಯ ಹಾಗೆ ಚರ್ಮಕ್ಕೆ ಹಿಡಿದಿರುತ್ತದೆ, ಬರೀ ನೀರಿಗೆ ಹೋಗುವುದಿಲ್ಲ. ಹಾಕಿದ ಜಾಗದ ಕೂದಲು ಬಿಡಿಸಿ ಚರ್ಮದವರೆಗೂ ನೊರೆ ಮಾಡಿ ತೊಳೆಯಿರಿ, ಜಿಡ್ಡು ಹೋಗುವವರೆಗೆ ಮತ್ತೊಮ್ಮೆ. ಬಿಸಿನೀರು ಬೇಡ, ರಕ್ತನಾಳ ಹಿಗ್ಗಿ ಮದ್ದು ಇನ್ನೂ ಒಳಗೆ ಹೋಗುತ್ತದೆ. ತಣ್ಣೀರೂ ಬೇಡ, ಮೈ ತಣ್ಣಗಾದರೆ ವಿಷದ ಕಾಟ ಹೆಚ್ಚುತ್ತದೆ. ಚೆನ್ನಾಗಿ ಒರೆಸಿ, ನೆಕ್ಕಲು ಬಿಡಬೇಡಿ. ತೆಂಗಿನೆಣ್ಣೆ ಹಚ್ಚುವುದು, ಹಾಲು ಕುಡಿಸುವುದು, ವಾಂತಿ ಮಾಡಿಸುವುದು ಯಾವುದೂ ಬೇಡ. ತೊಳೆದಾಯಿತು ಎಂದು ಮನೆಯಲ್ಲೇ ಉಳಿಯಬೇಡಿ, ಡಾಕ್ಟರಿಗೆ ತೋರಿಸಲೇಬೇಕು.

ಶುರುವಿಗೆ ಕಿವಿ ಪಟಪಟ ಅನ್ನುತ್ತದೆ, ಕಾಲು ಕೊಡವುತ್ತದೆ, ಬೆನ್ನಿನ ಚರ್ಮ ಅದುರುತ್ತದೆ, ಜೊಲ್ಲು ಸುರಿಯುತ್ತದೆ. ನಡುಕ, ಫಿಟ್ಸ್ ಆಮೇಲೆ. ಸಾಮಾನ್ಯವಾಗಿ ಕೆಲವು ಗಂಟೆಯೊಳಗೆ ಗೊತ್ತಾಗುತ್ತದೆ, ಒಮ್ಮೊಮ್ಮೆ ಎರಡು ಮೂರು ದಿನ ತಡವಾಗುತ್ತದೆ. ಇದಕ್ಕೆಂದೇ ಪ್ರತಿವಿಷ ಇಲ್ಲ, ನಡುಕಕ್ಕೆ ಮೆಥೊಕಾರ್ಬಮಾಲ್‌ನಂಥ ಮದ್ದು, ಡ್ರಿಪ್ ಕೊಟ್ಟು ನೋಡಿಕೊಳ್ಳುತ್ತಾರೆ. ಬೇಗ ಹೋದರೆ ಹೆಚ್ಚಿನವು ಉಳಿಯುತ್ತವೆ.

ಬೆಕ್ಕಿಗೆ ಹಾಕದೆಯೂ ವಿಷ ಏರಬಹುದು. ಮದ್ದು ಹಾಕಿದ ನಾಯಿಯನ್ನು ಬೆಕ್ಕು ನೆಕ್ಕಿದರೆ, ಒತ್ತಿಕೊಂಡು ಮಲಗಿದರೆ ಸಾಕು. ಹಾಗಾಗಿ ಎರಡನ್ನೂ 72 ಗಂಟೆ ಬೇರೆ ಇಡಬೇಕು. ಒಂದೇ ಜಗಲಿಯಲ್ಲಿ ಬಿದ್ದುಕೊಂಡಿರುವ ನಾಯಿ ಬೆಕ್ಕನ್ನು ಮೂರು ದಿನ ಬೇರೆ ಇಡಲು ಸಾಧ್ಯವಾ? ಬೆಕ್ಕಿರುವ ಮನೆಗೆ ಪರ್ಮೆಥ್ರಿನ್ ತರಲೇಬೇಡಿ ಎನ್ನುವುದು ಅದಕ್ಕೇ.

ಬದಲಿಗೆ ನಾಯಿಗೆ ಬಾಯಿಂದ ಕೊಡುವ ಫ್ಲುರಾಲನರ್ ಅಥವಾ ಅಫಾಕ್ಸೊಲನರ್ ಮಾತ್ರೆ ನನಗೆ ಇಷ್ಟ, ಮೈಮೇಲೆ ನೆಕ್ಕುವಂಥದ್ದೇನೂ ಉಳಿಯುವುದಿಲ್ಲ. ನಾಯಿಗೆ ಫಿಟ್ಸ್ ಬಂದದ್ದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಬೆಕ್ಕಿಗೆ ಬೆಕ್ಕಿನ ಹೆಸರಲ್ಲೇ ಬರುವ ಸೆಲಮೆಕ್ಟಿನ್ ಅಥವಾ ಫಿಪ್ರೊನಿಲ್, ತೂಕ ನೋಡಿ. ಫಿಪ್ರೊನಿಲ್ ಎಂದು ಬರೆದ ನಾಯಿ ಟ್ಯೂಬಿನಲ್ಲಿ ಪರ್ಮೆಥ್ರಿನ್ ಕೂಡ ಸೇರಿರಬಹುದು, ಪೂರ್ತಿ ಓದಿ. "ಹರ್ಬಲ್" ಸ್ಪ್ರೇಗಳಿಗೆ ಮರುಳಾಗಬೇಡಿ, ಅವುಗಳಲ್ಲಿರುವ ಕೆಲವು ಸುಗಂಧ ತೈಲಗಳೂ ಬೆಕ್ಕಿಗೆ ವಿಷವೇ.

ನಾಯಿ, ಬೆಕ್ಕು ಎರಡಕ್ಕೂ ಒಂದೇ ದಿನ ಮದ್ದು ಮಾಡಿ, ಗೋಣಿಯನ್ನು ಬಿಸಿನೀರಲ್ಲಿ ಒಗೆಯಿರಿ. ನೆಲದ ಸಂದಿಯಲ್ಲಿ ಗೂಡು ಕಟ್ಟಿ ಕೂತ ಮರಿಗಳು ಆಮೇಲೂ ಹೊರಬರುತ್ತವೆ. ಎರಡು ವಾರದ ಮೇಲೆ ಮತ್ತೆ ಚಿಗಟ ಕಂಡರೆ ಮದ್ದು ಹಿಡಿಯಲಿಲ್ಲ ಎಂದುಕೊಂಡು ಗಟ್ಟಿಯದು ಹುಡುಕಬೇಡಿ, ಅದೇ ಮದ್ದನ್ನು ಹೇಳಿದ ದಿನಕ್ಕೆ ಸರಿಯಾಗಿ ಮೂರು ತಿಂಗಳು ಮುಂದುವರಿಸಿ.