ಕೊನೆಯ ಶತ್ರು ಯಾಕೆ ಅಷ್ಟು ಜೋರಾಗಿ ಓಡುತ್ತದೆ? ಸ್ಪೇಸ್ ಇನ್ವೇಡರ್ಸ್ ವೇಗವನ್ನು ನೀವೇ ಮಾಡಿ ನೋಡಿ

ಸ್ಪೇಸ್ ಇನ್ವೇಡರ್ಸ್ ಎಂಬ ವಿಡಿಯೊ ಗೇಮ್ ಶುರುವಾದಾಗ ಶತ್ರುಪಡೆ ಕಾಲೆಳೆಯುತ್ತಾ ಬರುತ್ತದೆ. ಕೊನೆಗೆ ಉಳಿದ ಒಂದೇ ಒಂದು ಮಾತ್ರ ಪರದೆಯ ಈ ತುದಿಯಿಂದ ಆ ತುದಿಗೆ ಸರ್ರನೆ ಓಡುತ್ತದೆ. ಈ ಓಟ ಮೊದಲು ಯೋಚಿಸಿ ಇಟ್ಟದ್ದಲ್ಲ.

1978ರಲ್ಲಿ ಜಪಾನಿನ ಟೈಟೊ ಕಂಪನಿಗಾಗಿ ಟೊಮೊಹಿರೊ ನಿಶಿಕಾಡೊ ಈ ಆಟ ಮಾಡಿದರು. ಒಳಗಿದ್ದದ್ದು ಇಂಟೆಲ್ 8080 ಚಿಪ್. ಸಾಲಿಗೆ 11ರಂತೆ ಐದು ಸಾಲು, ಒಟ್ಟು 55 ಶತ್ರುಗಳು. ಅಷ್ಟನ್ನೂ ಒಟ್ಟಿಗೆ ಸರಿಸುವ ಶಕ್ತಿ ಆ ಚಿಪ್ಪಿಗಿರಲಿಲ್ಲ. ಹಾಗಾಗಿ ಒಂದು ಫ್ರೇಮಿಗೆ ಒಂದೇ ಶತ್ರು ಹೆಜ್ಜೆ ಇಡುತ್ತದೆ. ಪರದೆ ಸೆಕೆಂಡಿಗೆ 60 ಸಲ ಬದಲಾಗುವುದರಿಂದ, ಪಡೆಯೆಲ್ಲ ಒಂದು ಹೆಜ್ಜೆ ಮುಗಿಸಲು ಹೆಚ್ಚುಕಮ್ಮಿ ಒಂದು ಸೆಕೆಂಡ್ ಬೇಕು. ಶತ್ರು ಸತ್ತರೆ ಸರದಿ ಚಿಕ್ಕದಾಗುತ್ತದೆ, ಉಳಿದವಕ್ಕೆ ಸರದಿ ಬೇಗ ಬರುತ್ತದೆ. ನಿಶಿಕಾಡೊ ಇದನ್ನು ಗಮನಿಸಿ, ಸರಿಪಡಿಸದೆ ಹಾಗೇ ಉಳಿಸಿಕೊಂಡರು. ನನ್ನ ಪ್ರಕಾರ ಆಟದ ಜೀವ ಇರುವುದೇ ಇಲ್ಲಿ.

ಇದನ್ನು ನೀವು ಮಾಡುವುದಾದರೆ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ. ಉಳಿದ ಶತ್ರುಗಳನ್ನು 60ರಿಂದ ಭಾಗಿಸಿದರೆ ಎರಡು ಹೆಜ್ಜೆಗಳ ನಡುವಿನ ಸಮಯ ಸಿಗುತ್ತದೆ. 55 ಇದ್ದದ್ದು 54 ಆದರೆ ಆಟಗಾರನಿಗೆ ಏನೂ ಗೊತ್ತಾಗುವುದಿಲ್ಲ. 30ಕ್ಕೆ ಇಳಿದಾಗ ಅರ್ಧ ಸೆಕೆಂಡ್. ಆದರೆ ಎರಡು ಇದ್ದದ್ದು ಒಂದಾದರೆ ವೇಗ ಒಂದೇ ಏಟಿಗೆ ಎರಡರಷ್ಟು! ಚೆನ್ನಾಗಿ ಆಡಿದಷ್ಟೂ ಕಷ್ಟ ಜಾಸ್ತಿ, ಅದೂ ಗೆಲುವು ಕೈಗೆ ಸಿಗುವ ಹೊತ್ತಿಗೆ.

ಇನ್ನು ಕೋಡ್. ಇಂದಿನ ಕಂಪ್ಯೂಟರ್ 55ನ್ನೂ ಒಂದೇ ಫ್ರೇಮಿನಲ್ಲಿ ಸರಿಸಿಬಿಡುತ್ತದೆ, ಹಾಗಾಗಿ ವೇಗ ತಾನಾಗಿ ಏರುವುದಿಲ್ಲ. ನಾವೇ ಹೇಳಬೇಕು:

```
gap = alive / 60
if now - last_step >= gap:
    move_all()
    last_step = now
```

ಇಲ್ಲಿ `now` ಎಂಬುದು ಗಡಿಯಾರದ ಸೆಕೆಂಡ್ ಆಗಿರಲಿ. ಸುಮ್ನೆ ಫ್ರೇಮ್ ಎಣಿಸಿದರೆ 144 ಹರ್ಟ್ಸ್ ಪರದೆಯಲ್ಲಿ ಆಟ ಎರಡೂವರೆ ಪಟ್ಟಿನ ಹತ್ತಿರ ಓಡುತ್ತದೆ. ತಪ್ಪು ಹಿಡಿಯುವುದು ಸುಲಭ: ಅಂಥ ಪರದೆಯಲ್ಲಿ ಯಾರನ್ನೂ ಹೊಡೆಯದೆ ಹತ್ತು ಹೆಜ್ಜೆ ಎಣಿಸಿ. ಒಂಬತ್ತು ಸೆಕೆಂಡ್ ಚಿಲ್ಲರೆ ಹಿಡಿದರೆ ಸರಿ. ನಾಲ್ಕು ಸೆಕೆಂಡಿನೊಳಗೇ ಮುಗಿದರೆ ನೀವು ಫ್ರೇಮ್ ಎಣಿಸುತ್ತಿದ್ದೀರಿ.

ಹಂತ ಗೆದ್ದ ಮೇಲೆ ಏನು ಮಾಡಬೇಕು? ವೇಗವನ್ನು ಅಲ್ಲೇ ಉಳಿಸಿದರೆ ಎರಡನೇ ಹಂತ ಆಡಲು ಆಗುವುದೇ ಇಲ್ಲ, ಅಲ್ವಾ? ಮೂಲ ಆಟದಲ್ಲಿ ಮತ್ತೆ 55 ಶತ್ರುಗಳು ಬರುತ್ತವೆ, ನಡಿಗೆಯೂ ಮೊದಲಿನಷ್ಟೇ ನಿಧಾನ. ಆದರೆ ಪಡೆ ಶುರುವಾಗುವ ಜಾಗ ಇನ್ನಷ್ಟು ಕೆಳಗೆ. ಆಟಗಾರನಿಗೆ ಉಸಿರಾಡಲು ಸಮಯ ಸಿಗುತ್ತದೆ, ನೆಲ ಮಾತ್ರ ಹತ್ತಿರವಾಗಿರುತ್ತದೆ. ನಿಮ್ಮ ಆಟದಲ್ಲೂ `gap` ಮುಟ್ಟಬೇಡಿ, ಶುರುವಿನ ಎತ್ತರವನ್ನಷ್ಟೇ ಇಳಿಸಿ. ಮೂರ್ನಾಲ್ಕು ಹಂತ ಆದ ಮೇಲೆ ಇಳಿಸುವುದನ್ನು ನಿಲ್ಲಿಸಿ. ಇಲ್ಲದಿದ್ದರೆ ಒಂದು ಗುಂಡು ಹಾರಿಸುವ ಮೊದಲೇ ಪಡೆ ನೆಲಕ್ಕೆ ಬಂದಿರುತ್ತದೆ.