ರೀಫಂಡ್ ಎಲ್ಲಿಗೆ ಬಂತು? ಪತ್ತೆ ಹಚ್ಚುವುದು ಹೀಗೆ

‘ನಿಮ್ಮ ರೀಫಂಡ್ ಆಗಿದೆ’ ಎಂದು ಅಂಗಡಿಯ ಮೆಸೇಜ್ ಬಂದ ಮರುದಿನವೇ ಬ್ಯಾಂಕಿಗೆ ಫೋನ್ ಮಾಡಿ ಜಗಳಕ್ಕೆ ನಿಲ್ಲುವವರನ್ನು ತುಂಬಾ ನೋಡಿದ್ದೇನೆ. ಬ್ಯಾಂಕಿನವರು ‘ನಮಗೇನೂ ಬಂದಿಲ್ಲ’ ಅನ್ನುತ್ತಾರೆ. ಅಂಗಡಿಯವರು ‘ನಾವು ಕಳಿಸಿ ಆಯಿತು’ ಅನ್ನುತ್ತಾರೆ. ಸಾಮಾನ್ಯವಾಗಿ ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಹಣ ದಾರಿಯಲ್ಲಿದೆ, ಅಷ್ಟೆ. ಎಲ್ಲಿದೆ ಎಂದು ಕೇಳಲು ಒಂದು ಕ್ರಮವಿದೆ.

ಹಂತ 1: ಹೇಗೆ ಪಾವತಿ ಮಾಡಿದ್ದಿರಿ ಎಂದು ನೋಡಿ

ಅಂಗಡಿಯ ಸ್ವಂತ ವಾಲೆಟ್‌ನಿಂದ ಕೊಟ್ಟಿದ್ದರೆ ರೀಫಂಡ್ ಕೆಲವೇ ನಿಮಿಷದಲ್ಲಿ ಬಂದುಬಿಡುತ್ತದೆ. ಅಲ್ಲಿ ಹಣ ಎಲ್ಲಿಗೂ ಹೋಗಬೇಕಿಲ್ಲ, ಅವರದೇ ಲೆಕ್ಕದಲ್ಲಿ ಒಂದು ಅಂಕಿ ಬದಲಾದರೆ ಸಾಕು. ಮೊಬೈಲ್‌ನಿಂದ ಖಾತೆಗೆ ನೇರ, ತಕ್ಷಣದ ವರ್ಗಾವಣೆ ಮಾಡಿದ್ದರೆ ವಾಪಸು ಬರುವ ಹಣವೂ ಬೇಗ ಬರಬಹುದು. ಆದರೆ ಅಂಗಡಿಯವರು ಅದನ್ನು ಕಳಿಸುವ ಗುಂಡಿ ಒತ್ತಿರಬೇಕು, ಕಳಿಸುವಷ್ಟು ದುಡ್ಡು ಅವರ ಪೇಮೆಂಟ್ ಖಾತೆಯಲ್ಲಿ ಇರಬೇಕು. ಬ್ಯಾಲೆನ್ಸ್ ಇಲ್ಲದಿದ್ದರೆ ರೀಫಂಡ್ ಸುಮ್ನೆ ಪೆಂಡಿಂಗ್ ಆಗಿ ಕೂರುತ್ತದೆ. ಇದನ್ನು ನಿಮಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

‘ಬ್ಯಾಂಕಿಗೆ ಬೇಡ, ನಮ್ಮ ವಾಲೆಟ್‌ಗೇ ತಗೊಳ್ಳಿ, ಈಗಲೇ ಸಿಗುತ್ತದೆ’ ಎಂಬ ಆಮಿಷ ಬಂದರೆ ಒಪ್ಪಬೇಡಿ. ಅದು ಮತ್ತೆ ಅವರ ಹತ್ತಿರವೇ ಖರ್ಚಾಗುವ ದುಡ್ಡು. ನಾಲ್ಕು ದಿನ ಕಾದರೂ ಪರವಾಗಿಲ್ಲ, ಹಣ ಬಂದ ದಾರಿಯಲ್ಲೇ ವಾಪಸು ಹೋಗಲಿ.

ಕಾರ್ಡ್‌ನಿಂದ ಕೊಟ್ಟಿದ್ದರೆ ಮಾತ್ರ ಮುಂದೆ ಓದಿ. ತಲೆನೋವೆಲ್ಲ ಇರುವುದು ಇಲ್ಲೇ.

ಹಂತ 2: ಹಣ ನಿಜವಾಗಿ ಹೋಗಿತ್ತಾ?

ಕಾರ್ಡ್ ಪಾವತಿ ಎರಡು ಸಲ ನಡೆಯುವ ಕೆಲಸ. ಮೊದಲು ನಿಮ್ಮ ಬ್ಯಾಂಕು ಅಷ್ಟು ಹಣವನ್ನು ತಡೆದಿಡುತ್ತದೆ, ಇದಕ್ಕೆ ಹೋಲ್ಡ್ ಅನ್ನುತ್ತಾರೆ. ಹಣ ಅಂಗಡಿಯ ಕಡೆಗೆ ಹೋಗುವುದು ಆಮೇಲೆ, ಸೆಟಲ್‌ಮೆಂಟ್‌ನಲ್ಲಿ. ಆರ್ಡರ್ ಮಾಡಿ ಅರ್ಧ ಗಂಟೆಯಲ್ಲಿ ಕ್ಯಾನ್ಸಲ್ ಮಾಡಿದರೆ ಬಹಳ ಸಲ ಹಣ ಹೋಗಿಯೇ ಇರುವುದಿಲ್ಲ. ಆಗ ರೀಫಂಡ್ ಎಂಬುದೇ ಇಲ್ಲ, ಹೋಲ್ಡ್ ಬಿಟ್ಟುಹೋಗುತ್ತದೆ ಅಷ್ಟೆ.

ಜನ ಎಡವುವುದು ಇಲ್ಲಿ. ಸ್ಟೇಟ್‌ಮೆಂಟ್‌ನಲ್ಲಿ ‘ಜಮೆ’ ಎಂಬ ಸಾಲನ್ನು ಹುಡುಕುತ್ತಾರೆ, ಸಿಗುವುದಿಲ್ಲ, ಮೋಸವಾಯಿತು ಎಂದುಕೊಳ್ಳುತ್ತಾರೆ. ಜಮೆಯ ಸಾಲು ಬರುವುದೇ ಇಲ್ಲ, ಮೊದಲಿದ್ದ ಪೆಂಡಿಂಗ್ ಸಾಲು ಮಾಯವಾಗಿರುತ್ತದೆ. ಅಂಗಡಿ ಹೋಲ್ಡನ್ನು ಸರಿಯಾಗಿ ರದ್ದು ಮಾಡಿದ್ದರೆ ಇದು ಬೇಗ ಆಗುತ್ತದೆ. ಮಾಡದಿದ್ದರೆ ಹೋಲ್ಡಿನ ಅವಧಿ ಮುಗಿಯುವ ತನಕ ಕಾಯಬೇಕು. ಆ ಅವಧಿ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ.

ಹಂತ 3: ಎಆರ್‌ಎನ್ ಕೇಳಿ

ಸೆಟಲ್‌ಮೆಂಟ್ ಆದ ಮೇಲಿನ ರೀಫಂಡ್ ಬೇರೆಯದೇ ವ್ಯವಹಾರ. ಹಳೆಯದನ್ನು ಅಳಿಸುವುದಿಲ್ಲ, ತಿರುಗು ದಿಕ್ಕಿನಲ್ಲಿ ಹೊಸದನ್ನು ಹುಟ್ಟಿಸುತ್ತಾರೆ. ಅಂಗಡಿ ಅದನ್ನು ತನ್ನ ಪೇಮೆಂಟ್ ಗೇಟ್‌ವೇಗೆ ಹೇಳುತ್ತದೆ. ಅಲ್ಲಿಂದ ಅಂಗಡಿಯ ಬ್ಯಾಂಕ್, ಆಮೇಲೆ ಕಾರ್ಡ್ ಕಂಪನಿಯ ಜಾಲ, ಕೊನೆಗೆ ನಿಮ್ಮ ಬ್ಯಾಂಕ್. ಇವರು ಸಾಮಾನ್ಯವಾಗಿ ಒಂದೊಂದನ್ನೇ ಕಳಿಸುವುದಿಲ್ಲ, ದಿನದ ವ್ಯವಹಾರಗಳನ್ನೆಲ್ಲ ಒಂದು ಫೈಲಿನಲ್ಲಿ ಕಟ್ಟಿ ಕಳಿಸುತ್ತಾರೆ. ಇವತ್ತಿನ ಫೈಲು ತಪ್ಪಿದರೆ ನಾಳೆಯದು. ಶನಿವಾರ, ಭಾನುವಾರ, ಹಬ್ಬದ ರಜೆ ಬಂದರೆ ಇನ್ನೂ ಮುಂದಕ್ಕೆ. ‘5ರಿಂದ 10 ಕೆಲಸದ ದಿನ’ ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ.

ಆ ಫೈಲಿನಲ್ಲಿ ನಿಮ್ಮ ರೀಫಂಡ್‌ಗೆ 23 ಅಂಕಿಯ ಒಂದು ಸಂಖ್ಯೆ ಇರುತ್ತದೆ, ಅದೇ ಎಆರ್‌ಎನ್. ಬ್ಯಾಂಕಿಗೆ ಅರ್ಥವಾಗುವುದು ಇದು, ನಿಮ್ಮ ಆರ್ಡರ್ ನಂಬರ್ ಅಲ್ಲ. ಆರ್ಡರ್ ನಂಬರ್ ಹಿಡಿದುಕೊಂಡು ಬ್ಯಾಂಕಿಗೆ ಹೋದರೆ ಅವರಾದರೂ ಏನು ಹುಡುಕಬೇಕು? ಅಂಗಡಿಯ ಕಸ್ಟಮರ್ ಕೇರ್‌ಗೆ ‘ರೀಫಂಡಿನ ಎಆರ್‌ಎನ್ ಕೊಡಿ’ ಎಂದು ಬರೆದು ಕೇಳಿ. ಫೋನ್ ಬೇಡ, 23 ಅಂಕಿಯನ್ನು ಫೋನಿನಲ್ಲಿ ಬರೆದುಕೊಂಡರೆ ಎಲ್ಲೋ ಒಂದು ತಪ್ಪುತ್ತದೆ. ರೀಫಂಡ್ ಶುರುವಾದ ಕ್ಷಣಕ್ಕೇ ಇದು ಸಿಗುವುದಿಲ್ಲ, ಒಂದೆರಡು ದಿನ ಬಿಟ್ಟು ಕೇಳಿ.

ಸಿಕ್ಕಿದ ಮೇಲೆ ಅದನ್ನು ನೀವೇ ಓದಬಹುದು. 8ನೇ ಅಂಕಿ ವರ್ಷದ ಕೊನೆಯ ಅಂಕಿ. ಅದರ ಮುಂದಿನ ಮೂರು ಅಂಕಿ, ವರ್ಷದ ಎಷ್ಟನೇ ದಿನ ಎಂಬುದು. ಅಲ್ಲಿ 5073 ಎಂದಿದ್ದರೆ 2025ರ 73ನೇ ದಿನ, ಅಂದರೆ ಮಾರ್ಚ್ 14. ಅಂಗಡಿಯವರು ‘ಹೋದ ತಿಂಗಳೇ ಕಳಿಸಿದೆವು’ ಎಂದು ಎಷ್ಟೇ ಹೇಳಲಿ, ವ್ಯವಹಾರ ಅವರ ಬ್ಯಾಂಕಿನಿಂದ ಹೊರಟ ದಿನ ಇಲ್ಲಿ ಕಾಣುತ್ತದೆ. ಎಆರ್‌ಎನ್ ಇಲ್ಲವೇ ಇಲ್ಲ ಅಂದರೆ ಎರಡೇ ಸಾಧ್ಯತೆ. ಒಂದೋ ಅದು ಹೋಲ್ಡ್ ರದ್ದಾದ ಪ್ರಕರಣ, ಇಲ್ಲವೇ ರೀಫಂಡ್ ಇನ್ನೂ ಹೊರಟೇ ಇಲ್ಲ.

ಉದಾಹರಣೆಗೆ, ಡೆಬಿಟ್ ಕಾರ್ಡ್‌ನಲ್ಲಿ ತೆಗೆದುಕೊಂಡ ಶೂ ಅಳತೆ ಸರಿಯಾಗದೆ ಒಬ್ಬರು ಮಾರ್ಚ್ 7ರ ಶುಕ್ರವಾರ ವಾಪಸು ಕೊಟ್ಟರು ಎಂದುಕೊಳ್ಳಿ. ಸೋಮವಾರ ಅದು ಗೋದಾಮು ತಲುಪಿತು. ಪರೀಕ್ಷೆ ಮಾಡಿ ಬುಧವಾರ 12ರ ರಾತ್ರಿ ‘ರೀಫಂಡ್ ಶುರುವಾಗಿದೆ’ ಎಂದು ಮೆಸೇಜ್ ಹಾಕಿದರು. ಗುರುವಾರ ಗೇಟ್‌ವೇ, ಶುಕ್ರವಾರ 14ಕ್ಕೆ ಅಂಗಡಿಯ ಬ್ಯಾಂಕಿನ ಫೈಲು. ಎಆರ್‌ಎನ್‌ನಲ್ಲಿ 5073. ನಡುವೆ ಶನಿವಾರ, ಭಾನುವಾರ. ಸೋಮವಾರ ಇವರ ಬ್ಯಾಂಕಿಗೆ ಬಂತು, ಮಂಗಳವಾರ 18ಕ್ಕೆ ಖಾತೆಗೆ ಬಿತ್ತು. ಗಿರಾಕಿಯ ಲೆಕ್ಕದಲ್ಲಿ 11 ದಿನ. ಕಾರ್ಡ್ ದಾರಿಯ ಲೆಕ್ಕದಲ್ಲಿ ಬರೀ 4 ಕೆಲಸದ ದಿನ. 13ರಂದು ಬ್ಯಾಂಕಿಗೆ ಫೋನ್ ಮಾಡಿದ್ದರೆ ‘ಏನೂ ಬಂದಿಲ್ಲ’ ಎಂಬ ಉತ್ತರವೇ ಸರಿ, ಅಲ್ವಾ?

ಹಂತ 4: ಸರಿಯಾದ ಜಾಗದಲ್ಲಿ ಹುಡುಕಿ

ಕ್ರೆಡಿಟ್ ಕಾರ್ಡ್ ಆಗಿದ್ದರೆ ರೀಫಂಡ್ ಉಳಿತಾಯ ಖಾತೆಗೆ ಬರುವುದಿಲ್ಲ, ಕಾರ್ಡಿನ ಬಾಕಿಯಲ್ಲಿ ಕಡಿಮೆಯಾಗುತ್ತದೆ. ಆ ಭರವಸೆಯ ಮೇಲೆ ಈ ತಿಂಗಳ ಬಿಲ್ಲನ್ನು ಕಟ್ಟದೆ ಬಿಡಬೇಡಿ. ಗಡುವಿನೊಳಗೆ ರೀಫಂಡ್ ಬರದಿದ್ದರೆ ದಂಡ, ಬಡ್ಡಿ ನಿಮ್ಮ ತಲೆಗೇ. ಕಾರ್ಡ್ ಬದಲಾಗಿದ್ದರೆ ಹೆದರಬೇಡಿ, ಹಣ ಹೋಗುವುದು ಅದೇ ಬ್ಯಾಂಕಿಗೆ, ಸಾಮಾನ್ಯವಾಗಿ ಹೊಸ ಕಾರ್ಡಿಗೆ ಸೇರಿಸುತ್ತಾರೆ. ಖಾತೆಯನ್ನೇ ಮುಚ್ಚಿದ್ದರೆ ಮಾತ್ರ ಹಣ ತಿರುಗಿ ಅಂಗಡಿಗೆ ಹೋಗಿ, ಅಲ್ಲಿಂದ ಬೇರೆ ದಾರಿ ಹಿಡಿಯಲು ವಾರಗಳೇ ಬೇಕಾಗಬಹುದು.

ಹಂತ 5: 10 ಕೆಲಸದ ದಿನ ದಾಟಿದರೆ

ಎಣಿಕೆಯನ್ನು ಎಆರ್‌ಎನ್ ದಿನದಿಂದ ಶುರು ಮಾಡಿ. ದಾಟಿದ್ದರೆ ಎಆರ್‌ಎನ್, ಮೊತ್ತ, ಕಾರ್ಡಿನ ಕೊನೆಯ ನಾಲ್ಕು ಅಂಕಿ ಇಷ್ಟನ್ನು ಹಾಕಿ ಬ್ಯಾಂಕಿಗೆ ಬರೆಯಿರಿ. ಇಂಟರ್ನೆಟ್‌ನಲ್ಲಿ ‘ರೀಫಂಡ್ ಸಹಾಯವಾಣಿ’ ಎಂದು ಹುಡುಕಿ ಸಿಕ್ಕ ನಂಬರಿಗೆ ಮಾತ್ರ ಫೋನ್ ಮಾಡಬೇಡಿ. ಓಟಿಪಿ ಕೇಳುವವರು, ಸ್ಕ್ರೀನ್ ತೋರಿಸುವ ಆ್ಯಪ್ ಹಾಕಿಸುವವರು ಕಾದು ಕೂತಿರುವುದು ಅಲ್ಲೇ. ರೀಫಂಡ್ ಪಡೆಯಲು ಓಟಿಪಿಯೂ ಬೇಡ, ಪಿನ್ನೂ ಬೇಡ.

ರೀಫಂಡ್ ದಾರಿಯಲ್ಲಿರುವಾಗಲೇ ಬ್ಯಾಂಕಿನಲ್ಲಿ ‘ಈ ವ್ಯವಹಾರ ಒಪ್ಪುವುದಿಲ್ಲ’ ಎಂದು ತಕರಾರು ಹಾಕುವುದೂ ಬೇಡ. ಅದು ಚಾರ್ಜ್‌ಬ್ಯಾಕ್ ಎಂಬ ಬೇರೆ ದಾರಿ. ಎರಡೂ ಕಡೆಯಿಂದ ಹಣ ಬಂದರೆ ಒಂದನ್ನು ಆಮೇಲೆ ವಾಪಸು ಎಳೆದುಕೊಳ್ಳುತ್ತಾರೆ, ಮತ್ತೆ ಫೋನು, ಮತ್ತೆ ಜಗಳ. ಅಂಗಡಿ ಎಆರ್‌ಎನ್ ಕೊಡಲು ಸತಾಯಿಸುತ್ತಿದ್ದರೆ ಆಗ ಧಾರಾಳವಾಗಿ ತಕರಾರು ಹಾಕಿ, ಅವರ ಜೊತೆ ಮಾಡಿದ ಚಾಟ್‌ನ ಸ್ಕ್ರೀನ್‌ಶಾಟ್ ಜೊತೆಗಿಡಿ. ಅದಕ್ಕೂ ಒಂದು ಗಡುವಿರುತ್ತದೆ, ಬ್ಯಾಂಕಿನಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ.