ಎರಡು ತಾಸಿನ ಭಾಷಣ, ಒಂದು ಪುಟದ ಸಾರಾಂಶ: ಪಕ್ಕದಲ್ಲಿ ಸಮಯ ಬರೆಯುವುದು ಹೇಗೆ?

ಮಳೆಗಾಲ ಹತ್ತಿರ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ಕೊಳೆ ರೋಗದ ಬಗ್ಗೆ ಒಂದಲ್ಲ ಒಂದು ಸಭೆ ಇದ್ದೇ ಇರುತ್ತದೆ. ಸೊಸೈಟಿಯ ಹಾಲ್‌ನಲ್ಲಿ ತಜ್ಞರೊಬ್ಬರು ಎರಡು ತಾಸು ಮಾತನಾಡುತ್ತಾರೆ. ಯಾರೋ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುತ್ತಾರೆ. ಸಂಜೆಯೊಳಗೆ ಊರಿನ ವಾಟ್ಸ್ಆ್ಯಪ್ ಗುಂಪಿಗೆ ಒಂದು ಪುಟದ ಸಾರಾಂಶ ಬರುತ್ತದೆ. ಸಭೆಗೆ ಬರಲಾಗದವರು ಅದನ್ನೇ ಓದಿ ತೋಟಕ್ಕೆ ಔಷಧಿ ಹೊಡೆಸುತ್ತಾರೆ.

ಆ ಪುಟದಲ್ಲಿನ ಒಂದು ಅಂಕಿ ಅನುಮಾನ ಹುಟ್ಟಿಸಿತು ಅಂದುಕೊಳ್ಳಿ. ರೆಕಾರ್ಡಿಂಗ್ ಇದೆ, ನಿಜ. ಆದರೆ ಒಂದು ಮಾತಿಗಾಗಿ ಎರಡು ತಾಸು ಕೂತು ಕೇಳುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ. ಆ ಮಾತು ರೆಕಾರ್ಡಿಂಗಿನಲ್ಲಿ ಎಲ್ಲಿ ಬರುತ್ತದೆ ಎಂದು ಸಾರಾಂಶದಲ್ಲೇ ಬರೆದಿದ್ದರೆ ಅರ್ಧ ನಿಮಿಷದಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಬಹುದು. ಹೀಗೆ ಬರೆಯುವ ಸಮಯಕ್ಕೆ ಟೈಮ್‌ಸ್ಟ್ಯಾಂಪ್ ಅನ್ನುತ್ತಾರೆ. ಬರೆಯುವುದು ಸುಲಭ. ಆದರೆ ಸರಿಯಾದ ಜಾಗವನ್ನು ತೋರಿಸುವಂತೆ ಬರೆಯಬೇಕೆಂದರೆ ಸ್ವಲ್ಪ ಎಚ್ಚರ ಬೇಕು. ಕೊಳೆ ರೋಗದ ಇಂಥ ಒಂದು ಸಭೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಮುಂದೆ ಹೋಗೋಣ.

ರೆಕಾರ್ಡ್ ಮಾಡುವಾಗಲೇ

ಮಾತನಾಡುವವರ ಒಪ್ಪಿಗೆ ಮೊದಲೇ ಕೇಳಿ. ಮೊಬೈಲನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ನಡುವೆ ಫೋನ್ ಬಂದರೆ ಕೆಲವು ಮೊಬೈಲ್‌ಗಳಲ್ಲಿ ರೆಕಾರ್ಡಿಂಗ್ ನಿಂತುಬಿಡುತ್ತದೆ. ಆಮೇಲೆ ಒಂದರ ಬದಲು ಎರಡು ಫೈಲ್ ಆಗಿ, ಎರಡನೆಯದರ ಸಮಯ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಹಾಗೇನಾದರೂ ಆದರೆ ಎರಡನ್ನೂ ಜೋಡಿಸಲು ಹೋಗಬೇಡಿ. ಸಾರಾಂಶದಲ್ಲಿ ‘ಭಾಗ 2, 0:14:20’ ಎಂದು ಭಾಗದ ಹೆಸರು ಸೇರಿಸಿ ಬರೆದರೆ ಸಾಕು.

ರೆಕಾರ್ಡಿಂಗ್ ಶುರುವಾದ ಕೂಡಲೇ ಮೈಕಿನಲ್ಲಿ ದಿನಾಂಕ, ಊರು, ಮಾತನಾಡುವವರ ಹೆಸರು ಹೇಳಿಸಿ. ಮುಂದೆ ಫೈಲಿನ ಹೆಸರು ಬದಲಾದರೂ ಇದು ಯಾವ ಸಭೆ ಎಂದು ಧ್ವನಿಯಿಂದಲೇ ಗೊತ್ತಾಗುತ್ತದೆ. ಶುರುವಾದ ಗಡಿಯಾರದ ಹೊತ್ತನ್ನೂ ನೋಟ್‌ಬುಕ್ಕಿನ ತಲೆಯಲ್ಲಿ ಬರೆದಿಡಿ. ನಮ್ಮ ಸಭೆಯಲ್ಲಿ ಅದು 10:37 ಅಂತಿಟ್ಟುಕೊಳ್ಳಿ.

ಇನ್ನು ಕೇಳುತ್ತಾ ಟಿಪ್ಪಣಿ ಮಾಡುವಾಗ ಪಕ್ಕದಲ್ಲಿ ಗಡಿಯಾರದ ಹೊತ್ತು ಬರೆಯುತ್ತಾ ಹೋಗಿ. ಸುಣ್ಣದ ಬಗ್ಗೆ ರೈತರೊಬ್ಬರು ಪ್ರಶ್ನೆ ಕೇಳಿದಾಗ 11:49 ಆಗಿತ್ತು. ಅದರಲ್ಲಿ 10:37 ಕಳೆದರೆ 1 ತಾಸು 12 ನಿಮಿಷ. ರೆಕಾರ್ಡಿಂಗಿನಲ್ಲಿ ಹುಡುಕಬೇಕಾದ ಜಾಗ ಅದೇ. ಕೈ ಯಾವಾಗಲೂ ಕಿವಿಗಿಂತ ಹಿಂದೆ ಇರುತ್ತದೆ, ಅಲ್ವಾ? ಹಾಗಾಗಿ ಲೆಕ್ಕ ಹಾಕಿದ ಹೊತ್ತಿಗಿಂತ ಒಂದು ನಿಮಿಷ ಹಿಂದಿನಿಂದ ಕೇಳಲು ಶುರುಮಾಡಿ.

ಬರೆಯುವ ರೀತಿ

ತಾಸು, ನಿಮಿಷ, ಸೆಕೆಂಡು, ಮೂರನ್ನೂ ಬರೆಯಿರಿ: 0:38:12, 1:12:40. ಸುಮ್ನೆ 1.12 ಎಂದು ಬರೆದರೆ ಒಂದು ನಿಮಿಷ ಹನ್ನೆರಡು ಸೆಕೆಂಡೋ, ಒಂದು ತಾಸು ಹನ್ನೆರಡು ನಿಮಿಷವೋ ಓದುವವರಿಗೆ ತಿಳಿಯುವುದಿಲ್ಲ. ಗಡಿಯಾರದ ಹೊತ್ತನ್ನು ಸಾರಾಂಶಕ್ಕೆ ತರಲೇಬೇಡಿ. ಅದು ನಿಮ್ಮ ನೋಟ್‌ಬುಕ್ಕಿಗೆ ಮಾತ್ರ.

ಪ್ರತಿ ವಾಕ್ಯಕ್ಕೂ ಸಮಯ ಹಾಕಬೇಕಿಲ್ಲ. ಸ್ವಾಗತ, ವಂದನಾರ್ಪಣೆಗೆ ಯಾಕೆ ಬೇಕು? ಪ್ರಮಾಣ, ದಿನದ ಅಂತರ, ಹಣ, ಹೆಸರು, ಯಾರೋ ಕೊಟ್ಟ ಭರವಸೆ, ಓದಿದವರು ‘ಹೌದಾ?’ ಎಂದು ಕೇಳುವಂಥ ಮಾತು, ಇವಕ್ಕೆ ಹಾಕಿ. ಕೊಳೆ ರೋಗದ ಸಾರಾಂಶದಲ್ಲಿ ಮೊದಲ ಸಾಲು ಹೀಗೆ ಬರುತ್ತದೆ:

*100 ಲೀಟರ್ ಬೋರ್ಡೋ ದ್ರಾವಣಕ್ಕೆ ಮೈಲುತುತ್ತು 1 ಕೆಜಿ, ಸುಣ್ಣ 1 ಕೆಜಿ. ಎರಡನ್ನೂ ಬೇರೆ ಬೇರೆ 50 ಲೀಟರ್ ನೀರಿನಲ್ಲಿ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. [0:38:12]*

ಸಮಯವನ್ನು ಸರಿಯಾಗಿ ಆ ಅಂಕಿ ಬಾಯಿಂದ ಬರುವ ಕ್ಷಣಕ್ಕೆ ಹಾಕಬೇಡಿ. ಆ ಮಾತಿನ ವಿಷಯ ಶುರುವಾಗುವ ಜಾಗಕ್ಕೆ ಹಾಕಿ. ‘ಒಂದು ಕಿಲೋ’ ಎಂಬುದಷ್ಟೇ ಕೇಳಿಸಿದರೆ ಯಾವುದರ ಒಂದು ಕಿಲೋ ಎಂದು ಗೊತ್ತಾಗದೆ ಓದುಗರು ತಾವೇ ಹಿಂದೆ ಎಳೆದು ಹುಡುಕಬೇಕಾಗುತ್ತದೆ. ಪ್ರಶ್ನೋತ್ತರವಾದರೆ ಪ್ರಶ್ನೆ ಶುರುವಾಗುವ ಜಾಗವೇ ಸರಿ, ಉತ್ತರದ್ದಲ್ಲ. ಪ್ರಶ್ನೆ ಕೇಳದೆ ಉತ್ತರ ಮಾತ್ರ ಕೇಳಿದರೆ ಅರ್ಥ ಎಷ್ಟೋ ಸಲ ತಿರುಗಿಬಿಡುತ್ತದೆ.

ಒಂದೇ ಮಾತು ಎರಡು ಕಡೆ ಬಂದಾಗ

ಸಾರಾಂಶಗಳು ಜಾಸ್ತಿ ಎಡವುವುದು ಇಲ್ಲಿಯೇ. ನಮ್ಮ ಸಭೆಯಲ್ಲಿ 0:38:12ರ ಹೊತ್ತಿಗೆ ತಜ್ಞರು ಸುಣ್ಣ 1 ಕೆಜಿ ಎಂದರು. ಚಹಾ ಆಯಿತು. ಆಮೇಲೆ ಪ್ರಶ್ನೆಯ ಹೊತ್ತಿನಲ್ಲಿ ಹಿಂದಿನ ಬೆಂಚಿನಿಂದ ಒಬ್ಬರು ಎದ್ದರು: ‘ಸರ್, ನಮ್ಮ ಮನೆಯ ಸುಣ್ಣ ಹೋದ ವರ್ಷದ್ದು, ಪುಡಿ ಪುಡಿ ಆಗ್ಬಿಟ್ಟಿದೆ. ಅದನ್ನೂ ಒಂದೇ ಕಿಲೋ ಹಾಕ್ಬೇಕಾ?’ ಅದಕ್ಕೆ ತಜ್ಞರು, ‘ಒಂದು ಕಿಲೋ ಅಂತ ನಾನು ಹೇಳಿದ್ದು ಒಳ್ಳೆ ಹೊಸ ಸುಣ್ಣಕ್ಕೆ. ಹಳೆಯದಾದರೆ ಜಾಸ್ತಿ ಬೇಕಾಗಬಹುದು. ದ್ರಾವಣ ಆದಮೇಲೆ ಹೊಳಪಿರುವ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡಿ. ಕೆಂಪು ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ, ಮತ್ತೆ ಅದ್ದಿ ನೋಡಿ’ ಎಂದರು. ಈ ಪ್ರಶ್ನೆ ಶುರುವಾಗುವುದು 1:12:40ಕ್ಕೆ.

ಈಗ ಸಾರಾಂಶದಲ್ಲಿ ಮೊದಲಿನ ಸಮಯ ಒಂದೇ ಇದ್ದರೆ ಏನಾಗುತ್ತದೆ? ಅನುಮಾನ ಬಂದವರು 0:38:12ಕ್ಕೆ ಹೋಗುತ್ತಾರೆ. ‘ಒಂದು ಕಿಲೋ’ ಎಂದು ತಜ್ಞರ ಬಾಯಲ್ಲೇ ಕೇಳುತ್ತಾರೆ. ಸಾರಾಂಶ ಸರಿಯಾಗಿದೆ ಎಂದುಕೊಂಡು ಹಳೆ ಸುಣ್ಣವನ್ನೇ ಅಳೆದು ಹಾಕುತ್ತಾರೆ. ಸುಣ್ಣ ಸಾಲದೆ ತಾಮ್ರದ ಅಂಶ ಹಾಗೇ ಉಳಿದರೆ ಎಳೆ ಕಾಯಿ, ಸಿಂಗಾರ ಸುಟ್ಟುಹೋಗುತ್ತವೆ. ಸಮಯ ಹಾಕಿದ್ದಕ್ಕೇ ತಪ್ಪು ತಿಳಿವಳಿಕೆ ಇನ್ನೂ ಗಟ್ಟಿಯಾಯಿತು, ನೋಡಿ. ಆದ್ದರಿಂದ ಸಾಲನ್ನು ಹೀಗೆ ಬರೆಯಬೇಕು:

*ಸುಣ್ಣ 1 ಕೆಜಿ [0:38:12]. ಇದು ಹೊಸ ಸುಣ್ಣಕ್ಕೆ ಮಾತ್ರ. ಹಳೆಯದಾದರೆ ಕತ್ತಿ ಅದ್ದಿ ನೋಡಿ, ಕೆಂಪಾದರೆ ಇನ್ನಷ್ಟು ಸೇರಿಸಬೇಕು [1:12:40].*

ಇದಕ್ಕೆ ಒಂದು ಅಭ್ಯಾಸ ಮಾಡಿಕೊಳ್ಳಿ. ಸಾರಾಂಶದ ಮೊದಲ ಕರಡನ್ನು ಭಾಷಣದಿಂದ ಬರೆದ ಮೇಲೆ, ಪ್ರಶ್ನೋತ್ತರದ ಭಾಗವನ್ನು ಪೂರ್ತಿ ಕೇಳಿ. ಪ್ರತಿ ಉತ್ತರಕ್ಕೂ ಕರಡಿನ ಕಡೆ ನೋಡಿ: ಇದು ಮೇಲಿನ ಯಾವುದಾದರೂ ಸಾಲನ್ನು ತಿದ್ದುತ್ತದೆಯೇ, ಅದಕ್ಕೆ ಷರತ್ತು ಹಾಕುತ್ತದೆಯೇ? ಹೌದಾದರೆ ಆ ಸಾಲಿಗೇ ಎರಡನೇ ಸಮಯವನ್ನು ಅಂಟಿಸಿ. ಕೊನೆಯಲ್ಲಿ ‘ಪ್ರಶ್ನೋತ್ತರ’ ಎಂದು ಬೇರೆ ಗುಂಪು ಮಾಡಿದರೆ ಓದುವವರಿಗೆ ಎರಡರ ಸಂಬಂಧ ಹೊಳೆಯುವುದಿಲ್ಲ.

ಎರಡನೇ ಸಿಂಪಡಣೆಯ ಮಾತಿಗೂ ಇದೇ ಕ್ರಮ. ಭಾಷಣದಲ್ಲಿ 40ರಿಂದ 45 ದಿನದ ಅಂತರ ಎಂದು ಬಂದಿರುತ್ತದೆ. ಮಳೆ ಬಿಡದೆ ಮುಂದುವರಿದರೆ ಮೂರನೆಯದೂ ಬೇಕಾಗಬಹುದು ಎಂಬುದು ಪ್ರಶ್ನೆಯ ಹೊತ್ತಿಗೆ ಬರುತ್ತದೆ. ಎರಡಕ್ಕೂ ಸಮಯ ಬೇಕು.

ಇನ್ನೊಂದು ಮಾತು. ನಿಮಗೇ ಗೊತ್ತಿರುವ ಸಂಗತಿಯನ್ನು ಸಾರಾಂಶಕ್ಕೆ ಸೇರಿಸುವ ಆಸೆ ಆಗುತ್ತದೆ. ‘ನಮ್ಮ ಸೊಸೈಟಿಯಲ್ಲಿ ಮೈಲುತುತ್ತು ಸಿಗುತ್ತದೆ’ ಎಂಬಂಥದ್ದು. ಸೇರಿಸಿ, ತಪ್ಪಿಲ್ಲ. ಆದರೆ ಅದಕ್ಕೆ ಸಮಯ ಹಾಕಬೇಡಿ, ‘ಬರೆದವರ ಸೇರ್ಪಡೆ’ ಎಂದು ನಮೂದಿಸಿ. ಪಕ್ಕದ ಸಾಲಿನ ಸಮಯ ಇದಕ್ಕೂ ಸೇರಿದ್ದು ಎಂದು ಯಾರೂ ತಿಳಿಯಬಾರದು. ಮಾಡಿನ ತಗಡಿನ ಮೇಲೆ ಮಳೆ ಹೊಡೆದು ಮಾತು ಕೇಳಿಸದಿದ್ದರೆ ಊಹೆ ಮಾಡಿ ತುಂಬಬೇಡಿ. ‘ಸ್ಪಷ್ಟವಿಲ್ಲ [1:31:05]’ ಎಂದು ಬರೆದರೆ ಸಭೆಯಲ್ಲಿದ್ದ ಬೇರೆ ಯಾರಾದರೂ ಕೇಳಿ ಹೇಳಬಹುದು.

ಓದುವವರು ಆ ಜಾಗಕ್ಕೆ ಹೋಗುವುದು

ರೆಕಾರ್ಡಿಂಗ್ ಯೂಟ್ಯೂಬ್‌ನಲ್ಲಿದ್ದರೆ ವಿಡಿಯೊದ ವಿವರಣೆಯಲ್ಲಿ 1:12:40 ಎಂದು ಬರೆದರೆ ಅದೇ ಲಿಂಕ್ ಆಗುತ್ತದೆ. ಒತ್ತಿದರೆ ಸೀದಾ ಅಲ್ಲಿಗೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸಲು ಸಮಯವನ್ನು ಸೆಕೆಂಡಿಗೆ ತಿರುಗಿಸಿ ಲಿಂಕಿನ ಕೊನೆಗೆ ಸೇರಿಸಬೇಕು. 1 ತಾಸಿಗೆ 3600, 12 ನಿಮಿಷಕ್ಕೆ 720, ಅದಕ್ಕೆ 40 ಸೇರಿಸಿದರೆ 4360:

```
https://youtu.be/VIDEO_ID?t=4360
```

`VIDEO_ID` ಇರುವಲ್ಲಿ ನಿಮ್ಮ ವಿಡಿಯೊದ ಗುರುತು ಬರುತ್ತದೆ. ಲಿಂಕಿನಲ್ಲಿ ಮೊದಲೇ ಒಂದು `?` ಇದ್ದರೆ `?t=` ಬದಲು `&t=4360` ಎಂದು ಹಾಕಿ. ಕಂಪ್ಯೂಟರ್‌ನಲ್ಲಾದರೆ ಈ ಲೆಕ್ಕವೂ ಬೇಡ. `Share` ಒತ್ತಿ, `Start at` ಪಕ್ಕದ ಚೌಕಕ್ಕೆ ಗುರುತು ಹಾಕಿದರೆ ಲಿಂಕ್ ಸಿದ್ಧವಾಗಿ ಬರುತ್ತದೆ.

ಫೈಲನ್ನೇ ಹಂಚುವುದಾದರೆ ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಹೆಸರು ಹಾಗೇ ಉಳಿಯುತ್ತದೆ. ಕಂಪ್ಯೂಟರ್‌ನಲ್ಲಿ ವಿಎಲ್‌ಸಿ ಪ್ಲೇಯರ್ ಇದ್ದರೆ `Ctrl+T` ಒತ್ತಿ ಸಮಯ ಕೊಟ್ಟರೆ ಅಲ್ಲಿಗೆ ಹೋಗುತ್ತದೆ. ವೇಗ ಒಂದೂವರೆ ಪಟ್ಟು ಮಾಡಿ ಕೇಳಿದರೂ ಪರದೆಯ ಮೇಲಿನ ಸಮಯ ಬದಲಾಗುವುದಿಲ್ಲ, ಆ ಚಿಂತೆ ಬೇಡ.

ಸಮಯ ಜಾರಿದರೆ

ಸಾರಾಂಶ ಬರೆದಾದ ಮೇಲೆ ರೆಕಾರ್ಡಿಂಗನ್ನು ಕತ್ತರಿಸಬೇಡಿ. ಶುರುವಿನ ನಾಲ್ಕು ನಿಮಿಷ ಬರೀ ಕುರ್ಚಿ ಎಳೆಯುವ ಸದ್ದು ಎಂದು ತೆಗೆದರೆ 0:38:12 ಹೋಗಿ 0:34:12 ಆಗುತ್ತದೆ. ಎಲ್ಲ ಸಮಯವೂ ಅಷ್ಟೇ ಹಿಂದೆ ಸರಿಯುತ್ತದೆ. ಎಂಟು ನಿಮಿಷದ ಚಹಾ ವಿರಾಮವನ್ನು ತೆಗೆದರೆ ಅದಕ್ಕಿಂತ ಮುಂಚಿನವು ಸರಿಯಾಗಿರುತ್ತವೆ, ಆಮೇಲಿನವು ಮಾತ್ರ ತಪ್ಪುತ್ತವೆ. ಸುಣ್ಣದ ಪ್ರಶ್ನೆ 1:04:40ಕ್ಕೆ ಬಂದಿರುತ್ತದೆ.

ಹಾಗಾಗಿ ಪರೀಕ್ಷೆ ಮಾಡುವಾಗ ಮೊದಲ ಸಮಯ ಒಂದನ್ನೇ ನೋಡಿ ಬಿಡಬೇಡಿ, ಕೊನೆಯದನ್ನೂ ನೋಡಿ. ಎರಡೂ ಒಂದೇ ಅಂತರದಲ್ಲಿ ತಪ್ಪಿದ್ದರೆ ಶುರುವಿನಲ್ಲಿ ಕತ್ತರಿಸಿದ್ದಾರೆ. ಮೊದಲನೆಯದು ಸರಿ, ಕೊನೆಯದು ತಪ್ಪು ಎಂದಾದರೆ ಕತ್ತರಿ ನಡುವೆ ಬಿದ್ದಿದೆ. ಎಲ್ಲಿ ಬಿದ್ದಿದೆ ಎಂದು ತಿಳಿಯಲು ನಡುವಿನ ಸಮಯಗಳನ್ನು ಒಂದೊಂದಾಗಿ ಒತ್ತಿ ನೋಡಿ.

ಕಳಿಸುವ ಮೊದಲು ಸಭೆಗೆ ಬಾರದ ಒಬ್ಬರ ಕೈಗೆ ಸಾರಾಂಶ ಕೊಡಿ. ಬಂದವರಾದರೆ ನೆನಪಿನಿಂದಲೇ ಒಪ್ಪಿಬಿಡುತ್ತಾರೆ. ಬಾರದವರು ಪ್ರತಿ ಸಮಯಕ್ಕೆ ಹೋಗಿ ಅರ್ಧ ನಿಮಿಷ ಕೇಳಲಿ. ಇಷ್ಟು ಕೇಳಿದರೆ ಸಾಲಿನಲ್ಲಿ ಬರೆದದ್ದು ಪೂರ್ತಿ ಸಿಕ್ಕಿತೇ ಎಂದು ಹೇಳಲಿ. ಸಿಗದಿದ್ದರೆ ಸಮಯವನ್ನು ಹಿಂದೆ ಸರಿಸಿ, ಇಲ್ಲವೇ ಸಾಲನ್ನು ತಿದ್ದಿ.

ಸಾರಾಂಶದ ತಲೆಯಲ್ಲಿ ಸಭೆಯ ದಿನಾಂಕ, ರೆಕಾರ್ಡಿಂಗಿನ ಪೂರ್ತಿ ಉದ್ದ, ಅದು ಸಿಗುವ ಜಾಗ, ಈ ಮೂರೂ ಇರಲಿ. ಗುಂಪಿನಿಂದ ಗುಂಪಿಗೆ ಫಾರ್ವರ್ಡ್ ಆಗುವಾಗ ರೆಕಾರ್ಡಿಂಗ್ ಹಿಂದೆಯೇ ಉಳಿದು ಪಠ್ಯ ಮಾತ್ರ ಮುಂದೆ ಹೋಗುತ್ತದೆ. ‘ಉದ್ದ 1:58:30’ ಎಂದು ಬರೆದಿದ್ದರೆ, ತನ್ನ ಕೈಗೆ ಸಿಕ್ಕಿದ ಫೈಲ್ ಅದೇ ಹೌದೋ ಅಲ್ಲವೋ ಎಂದು ಕುಮಟೆಯಲ್ಲಿ ಕೂತವರೂ ತೆರೆದ ಕೂಡಲೇ ತಿಳಿಯಬಹುದು.